ಐರಿನಳ ಮದುವೆಯ ಕೂದಲು

ಯಶವಂತಪುರದ ರೈಲ್ವೆ ಗೇಟಿನಿಂದ ನಾಲ್ಕನೆಯ ಮನೆ ನನ್ನದು. ಅದರ ಮುಂಗೋಣೆಯೇ ನನ್ನ ಪಾರ್ಲರ್. ಒಂದು ಕುರ್ಚಿ, ಒಂದು ನಿಲುವುಗನ್ನಡಿ, ಮಿಸೆಸ್ ಗ್ರೇಟ್ರೆಕ್ಸ್ ಎಂಬ ದೊರೆಸಾನಿ ಇಂಗ್ಲೆಂಡಿಗೆ ಹೊರಟಾಗ ನನಗೆ ಬಿಟ್ಟುಹೋದ ಕೂದಲು ಒಣಗಿಸುವ ಯಂತ್ರ, ಇಷ್ಟೇ ಆಸ್ತಿ. ಕಂಟೋನ್ಮೆಂಟಿನ ಅವರ ಅಂಗಡಿಯಲ್ಲಿ ನೆಲ ಗುಡಿಸುವ ಕೆಲಸಕ್ಕೆ ಸೇರಿದವಳು ನಾನು. ಹನ್ನೊಂದು ವರ್ಷದಲ್ಲಿ ಕತ್ತರಿ ಹಿಡಿಯುವುದು, ಬಣ್ಣ ಕಲಸುವುದು, ಗಿರಾಕಿಯ ಎದುರು ಬಾಯಿ ಮುಚ್ಚಿಕೊಂಡಿರುವುದು, ಮೂರನ್ನೂ ಕಲಿಸಿದರು. ಮೂರನೆಯದು ನನಗೆ ಸರಿಯಾಗಿ ಹತ್ತಲಿಲ್ಲ. ನಾನು ಗಂಡ ಸತ್ತವಳು, ಅದರ ಮೇಲೆ ಹೆಂಗಸರ ಕೂದಲಿಗೆ ಕತ್ತರಿ ಹಾಕುವವಳು. ಬೆಳಗ್ಗೆ ಎದ್ದು ನನ್ನ ಮುಖ ನೋಡಬಾರದು ಎನ್ನುತ್ತಿದ್ದ ಬೀದಿಯ ಜನವೇ ಮಗಳ ತಲೆಯಲ್ಲಿ ಹೇನು ಹೆಚ್ಚಾದಾಗ ಹಿತ್ತಲ ಬಾಗಿಲಿನಿಂದ ಬಂದು 'ಸತ್ಯವತಮ್ಮಾ' ಎಂದು ಕರೆಯುತ್ತಿದ್ದರು. ನಾನೂ ಚೆನ್ನಾಗಿ ಬೈದೇ ಒಳಗೆ ಬಿಟ್ಟುಕೊಳ್ಳುತ್ತಿದ್ದೆ.

ಅರವತ್ತೆರಡನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಮೂವರು ಹೆಂಗಸರು ಒಟ್ಟಿಗೆ ನನ್ನ ಬಾಗಿಲಿಗೆ ಬಂದರು. ಮುಂದೆ ಮಿಸೆಸ್ ಹಿಗಿನ್ಸ್. ಅವರು ಕಂಟೋನ್ಮೆಂಟಿನ ಹಳೆಯ ಗಿರಾಕಿ, ಬಿಳಿಚರ್ಮದ, ತಿಳಿಗೂದಲಿನ ಆಂಗ್ಲೋ ಇಂಡಿಯನ್ನರು. ಹಿಂದೆ ಇಪ್ಪತ್ತೆರಡು ವರ್ಷದ ಐರಿನ್, ಮಿಸೆಸ್ ಹಿಗಿನ್ಸರ ಮಗ ಡೆಸ್ಮಂಡನಿಗೆ ಮದುವೆ ಗೊತ್ತಾದ ಹುಡುಗಿ. ಎಲ್ಲರಿಗಿಂತ ಹಿಂದೆ, ಚಪ್ಪಲಿಯನ್ನು ಹೊರಗೆ ಬಿಟ್ಟು, ಸೆರಗನ್ನು ಮೈತುಂಬ ಹೊದ್ದುಕೊಂಡು ನಿಂತವಳು ಐರಿನಳ ತಾಯಿ ಲಕ್ಕಮ್ಮ.

ಲಕ್ಕಮ್ಮ ಹುಣಸಮಾರನಹಳ್ಳಿಯ ಒಕ್ಕಲು ಮನೆಯವಳು. ರೈಲ್ವೆ ಡ್ರೈವರ್ ವಿಕ್ಟರನನ್ನು ಮದುವೆಯಾಗಿ ಚರ್ಚಿನಲ್ಲಿ ಮೇರಿ ಎಂಬ ಹೆಸರು ಇಡಿಸಿಕೊಂಡಿದ್ದಳು. ಗಂಡನ ಹೊರತು ಯಾರೂ ಆ ಹೆಸರಿನಿಂದ ಕರೆಯಲಿಲ್ಲ. ಅವನು ಸತ್ತು ಎರಡು ವರ್ಷವಾಗಿತ್ತು. ತವರಿನವರು ಅವಳ ಮುಖ ನೋಡಿ ಇಪ್ಪತ್ತಮೂರು ವರ್ಷ. ಅವಳಿಗಿದ್ದದ್ದು ಮಗಳೊಬ್ಬಳೇ, ಮಗಳಿಗಿದ್ದದ್ದು ಅವಳೊಬ್ಬಳೇ.

"ಸತ್ಯಾ, ಜನವರಿ ಹನ್ನೆರಡಕ್ಕೆ ಮದುವೆ. ಅಷ್ಟರಲ್ಲಿ ಈ ಹುಡುಗಿ ತಲೆ ನನ್ನ ಥರ ಆಗ್ಬೇಕು. ಆಗುತ್ತಾ ಆಗಲ್ವಾ, ಈಗ್ಲೇ ಹೇಳು," ಎಂದರು ಮಿಸೆಸ್ ಹಿಗಿನ್ಸ್.

ಏಕೆ ಎಂದು ನಾನು ಕೇಳಬೇಕಾಗಿರಲಿಲ್ಲ. ಆ ಕಾಲದಲ್ಲಿ ಅವರ ಪೈಕಿ ಅರ್ಧ ಜನ ಆಸ್ಟ್ರೇಲಿಯಾಕ್ಕೆ ಹೊರಟು ನಿಂತಿದ್ದರು. ಅಲ್ಲಿಗೆ ಹೋಗಬೇಕಾದರೆ ನೋಡಲು ಬಿಳಿಯರಂತೆ ಇರಬೇಕು ಎಂಬುದು ಎಲ್ಲರ ಬಾಯಲ್ಲಿದ್ದ ಮಾತು. ಡೆಸ್ಮಂಡನ ಅರ್ಜಿ ಹೋಗುವಾಗ ಮದುವೆಯ ಫೋಟೋ ಜೊತೆಗಿರುತ್ತದೆ, ಫೋಟೋ ನೋಡಿಯೇ ಅವರು ತೀರ್ಮಾನಿಸುತ್ತಾರೆ ಎಂದು ಮಿಸೆಸ್ ಹಿಗಿನ್ಸ್ ನಂಬಿದ್ದರು. ಐರಿನಳ ಮೈಬಣ್ಣ ಗೋಧಿ, ಕಣ್ಣು ತಂದೆಯ ಹಾಗೆ ತಿಳಿ. ಕೂದಲು ಮಾತ್ರ ಅಮ್ಮನದು. ಸೊಂಟದವರೆಗೆ, ಕಪ್ಪಗೆ, ದಪ್ಪಗೆ.

ಐರಿನ್ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಹೇಳಿದಳು. "ಆಂಟಿ, ಕೂದ್ಲಿಗೆ ಏನ್ ಬೇಕಾದ್ರೂ ಮಾಡಿ. ಇವ್ರ ಹತ್ರ ಒಂದ್ ಮಾತು ತಗೊಂಡಿದೀನಿ. ಚರ್ಚಲ್ಲಿ ಅಮ್ಮ ನನ್ ಪಕ್ಕ ನಿಲ್ತಾಳೆ. ಫೋಟೋದಲ್ಲೂ ನಿಲ್ತಾಳೆ."

ಮಿಸೆಸ್ ಹಿಗಿನ್ಸ್ ಕಿಟಕಿಯ ಕಡೆ ಮುಖ ತಿರುಗಿಸಿದರು. ಕರಿಯ ಲಕ್ಕಮ್ಮ ಫೋಟೋದಲ್ಲಿರುವುದು ಅವರಿಗೆ ಬೇಕಿರಲಿಲ್ಲ. ಮಗ ಆ ಹುಡುಗಿಯೇ ಬೇಕು ಎಂದು ಹಟ ಹಿಡಿದಿದ್ದ, ಹುಡುಗಿ ಅಮ್ಮ ಬೇಕು ಎಂದು ಹಟ ಹಿಡಿದಿದ್ದಳು. ಮಗಳ ತಲೆ ತಿಳಿಯಾಗಲಿ, ಆಗ ತಾಯಿ ನಿಂತುಕೊಳ್ಳಲಿ ಎಂದು ಕೊನೆಗೆ ಒಪ್ಪಂದವಾಗಿತ್ತು. ಅಂದರೆ ಆ ಹುಡುಗಿ ತನ್ನ ಕೂದಲು ಕೊಟ್ಟು ಅಮ್ಮನಿಗೆ ಜಾಗ ಕೊಂಡಿದ್ದಳು. ನನಗೆ ಅವಳ ಮೇಲೆ ಆ ಕ್ಷಣವೇ ಪ್ರೀತಿ ಹುಟ್ಟಿತು.

"ಒಂದೇ ಸಲಕ್ಕೆ ಆಗೋ ಕೆಲಸ ಅಲ್ಲ. ಆತುರ ಮಾಡಿದ್ರೆ ಕೂದಲು ಕೈಗೆ ಬರುತ್ತೆ. ನಾನು ಹೇಳಿದ ದಿನ ಬರ್ಬೇಕು, ಹೇಳಿದ್ದಷ್ಟೇ ಹಚ್ಚಬೇಕು," ಎಂದೆ.

ಕ್ಯಾಲೆಂಡರ್ ಇಳಿಸಿ ಅವರೆದುರೇ ಗುರುತು ಹಾಕಿದೆ. ಸೆಪ್ಟೆಂಬರಿನಲ್ಲಿ ಕೂದಲು ಹೆಗಲವರೆಗೆ ಕತ್ತರಿಸಿ ಮೊದಲ ಸಲ ಬಣ್ಣ ಇಳಿಸುವುದು. ನಾಲ್ಕು ವಾರ ಬಿಟ್ಟು ಅಕ್ಟೋಬರಿನಲ್ಲಿ ಎರಡನೆಯ ಸಲ. ನವೆಂಬರಿನಲ್ಲಿ ಮೂರನೆಯ ಸಲ, ಅಂದೇ ಉಳಿದ ಹಳದಿಯನ್ನು ಮರೆಸುವ ಟೋನರ್. ಆಮೇಲೆ ಬುಡದಲ್ಲಿ ಹೊಸದಾಗಿ ಬೆಳೆದ ಕಪ್ಪನ್ನು ತಿಂಗಳಿಗೊಮ್ಮೆ ಇಳಿಸುವುದು, ಅರ್ಧ ಅಂಗುಲದಷ್ಟು ಬೆಳೆದಿರುತ್ತದೆ. ಅದನ್ನು ಡಿಸೆಂಬರಿನಲ್ಲಿ ಒಮ್ಮೆ, ಜನವರಿ ಮೂರಕ್ಕೆ ಕೊನೆಯ ಸಲ. ಟೋನರ್ ನಾಲ್ಕೈದು ಸಲ ತಲೆ ತೊಳೆದರೆ ಮಾಸುತ್ತದೆ, ಅದಕ್ಕೇ ಮದುವೆಗೆ ಒಂಬತ್ತು ದಿನ ಮೊದಲು ಕೊನೆಯದು. ಮದುವೆಯ ಬೆಳಗ್ಗೆ ಸುರುಳಿ ಹಾಕಿ ಬಾಚುವುದಷ್ಟೇ.

ಆಮೇಲೆ ಐರಿನಳ ಕತ್ತಿನ ಹಿಂಭಾಗದಿಂದ ನಾಲ್ಕು ಎಳೆ ಕತ್ತರಿಸಿ ತಟ್ಟೆಯಲ್ಲಿಟ್ಟು, ಬಣ್ಣ ಇಳಿಸುವ ಪೆರಾಕ್ಸೈಡಿಗೆ ಕೆಲವು ತೊಟ್ಟು ಅಮೋನಿಯ ಬೆರೆಸಿ ಅದರ ಮೇಲೆ ಸುರಿದು ಅರ್ಧ ಗಂಟೆ ಕಾದೆ. ಮಿಸೆಸ್ ಗ್ರೇಟ್ರೆಕ್ಸ್ ಕಲಿಸಿದ ಮೊದಲ ಪಾಠವಿದು. ಹೆಂಗಸರು ತಲೆಗೆ ಏನೇನೋ ಹಚ್ಚಿರುತ್ತಾರೆ, ಕೇಳಿದರೆ ನಿಜ ಹೇಳುವುದಿಲ್ಲ. ಅದರಲ್ಲಿ ಲೋಹ ಸೇರಿದ ಕರಿಬಣ್ಣವಿದ್ದರೆ ಪೆರಾಕ್ಸೈಡ್ ತಾಗಿದ ಕೂಡಲೇ ಕೂದಲು ಕಾದು, ಬೆಂದು, ಮೆತ್ತಗಾಗಿ ತುಂಡಾಗುತ್ತದೆ. ಗಿರಾಕಿಯನ್ನು ನಂಬಬೇಡ, ತಟ್ಟೆಯನ್ನು ನಂಬು, ಪ್ರತಿ ಸಲವೂ ನೋಡು ಎನ್ನುತ್ತಿದ್ದರು. ಐರಿನಳ ಎಳೆಗಳು ತಣ್ಣಗೇ ಇದ್ದು ಕೆಂಪಗೆ ತಿರುಗಿದವು. ಲಕ್ಕಮ್ಮ ಆ ತಟ್ಟೆಯನ್ನೇ ನೋಡುತ್ತ ಕೂತಿದ್ದಳು, ಏನೂ ಕೇಳಲಿಲ್ಲ. ನಾನೂ ಏನೂ ವಿವರಿಸಲಿಲ್ಲ. ಹಳ್ಳಿಯವಳಿಗೇನು ತಿಳಿಯುತ್ತದೆ ಎಂಬ ಕೊಬ್ಬು ನನಗೆ.

ಸೆಪ್ಟೆಂಬರಿನಲ್ಲಿ ಶುರುಮಾಡಿದೆ. ಇಪ್ಪತ್ತು ವಾಲ್ಯೂಮ್ ಶಕ್ತಿಯ ಪೆರಾಕ್ಸೈಡಿಗೆ ಅಮೋನಿಯ, ಬಿಳಿಯ ಮೆಗ್ನೀಷಿಯ ಪುಡಿ ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಹಿಂದಲೆಯಿಂದ ಭಾಗಭಾಗವಾಗಿ ಬಿಡಿಸಿ ಕುಂಚದಲ್ಲಿ ಹಚ್ಚಿದೆ. ಬುಡಕ್ಕೆ ಕೊನೆಯಲ್ಲಿ ಹಚ್ಚಬೇಕು. ತಲೆಯ ಕಾವಿಗೆ ಅಲ್ಲಿ ಬೇಗ ಬಣ್ಣ ಇಳಿಯುತ್ತದೆ. ಅಂದು ಅವಳ ತಲೆ ಹೆಂಚಿನ ಕೆಂಪಾಯಿತು. ಅಲ್ಲಿಗೆ ನಿಲ್ಲಿಸಿದೆ. ಅಕ್ಟೋಬರಿನಲ್ಲಿ ಕಿತ್ತಳೆಯಿಂದ ಹೊಂಬಣ್ಣಕ್ಕೆ ಬಂತು. ಗಡಿಯಲ್ಲಿ ಯುದ್ಧ ಶುರುವಾಗಿ, ಔಷಧಿ ಅಂಗಡಿಯ ಖಾದರ್ ಬಾಷಾ ಆಸ್ಪತ್ರೆಗೇ ಪೆರಾಕ್ಸೈಡ್ ಸಾಲದು, ನಿಮ್ಮ ಷೋಕಿಗೆಲ್ಲಿಂದ ತರಲಿ ಎಂದು ಎರಡು ವಾರ ಸತಾಯಿಸಿದ. ಹೇಗೋ ಸಿಕ್ಕಿತು. ನವೆಂಬರಿನಲ್ಲಿ ಬಾಳೆಹಣ್ಣಿನ ಸಿಪ್ಪೆಯ ಒಳಗಿನ ತಿಳಿಹಳದಿ ಬಂತು. ಹಿಂದಿನ ದಿನವೇ ಕಿವಿಯ ಹಿಂದೆ ಚೂರು ಟೋನರ್ ಹಚ್ಚಿ ತುರಿಕೆ, ಗಂದೆ ಏನೂ ಏಳಲಿಲ್ಲ ಎಂದು ಖಾತ್ರಿ ಮಾಡಿಕೊಂಡಿದ್ದೆ. ನೇರಳೆಯ ಛಾಯೆಯ ಆ ಟೋನರ್ ಹಳದಿಯನ್ನು ನುಂಗಿ, ತಿಳಿಯಾದ ಜೇನಿನ ಬಣ್ಣ ಕೂತಿತು. ಪ್ರತಿ ಸಲವೂ ಮೊದಲು ತಟ್ಟೆ, ಆಮೇಲೆ ತಲೆ. ಡಿಸೆಂಬರಿನಲ್ಲೂ ಹಾಗೆಯೇ. ಹೊಸ ಬುಡಕ್ಕಷ್ಟೇ ಹಚ್ಚಿ, ಮೊದಲೇ ಬಣ್ಣ ಇಳಿದ ಭಾಗಕ್ಕೆ ಸೋಕದ ಹಾಗೆ ನೋಡಿಕೊಂಡೆ.

ನಡುವಿನ ದಿನಗಳು ಹುಡುಗಿಗೆ ಸುಲಭವಾಗಿರಲಿಲ್ಲ. ಹೆಂಚಿನ ಕೆಂಪು ತಲೆ ಹೊತ್ತು ಅವಳು ಟೈಪಿಸ್ಟ್ ಕೆಲಸಕ್ಕೆ ಹೋಗಬೇಕಿತ್ತು. ಬಸ್ಸಿನಲ್ಲಿ ಜನ ತಿರುತಿರುಗಿ ನೋಡುತ್ತಿದ್ದರು. ಲಕ್ಕಮ್ಮ ನನ್ನ ಬಳಿ ಬಂದಾಗೆಲ್ಲ ಮಗಳ ಕೂದಲನ್ನು ಬೆರಳಲ್ಲಿ ಮುಟ್ಟಿ ನೋಡಿ, "ನಾರಿನಂಗಾಯ್ತಲ್ಲ ಸತ್ಯಮ್ಮ," ಎಂದು ಗೊಣಗುತ್ತಿದ್ದಳು. "ನಿಂಗ್ ಫೋಟೋ ಬೇಕೋ ಬೇಡ್ವೋ ಲಕ್ಕಮ್ಮ?" ಎಂದು ಗದರಿಸುತ್ತಿದ್ದೆ. ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು.

ಜನವರಿ ಮೂರು, ಗುರುವಾರ. ಹತ್ತು ಗಂಟೆಗೆ ಬರಬೇಕಾದವರು ಹನ್ನೊಂದೂವರೆಗೆ ಬಂದರು. ತಾಯಿ, ಮಗಳು, ಹಿಂದೆಯೇ ಮಿಸೆಸ್ ಹಿಗಿನ್ಸ್. ಒಂದು ಗಂಟೆಗೆ ಐರಿನಳನ್ನು ಕಂಟೋನ್ಮೆಂಟಿನ ದರ್ಜಿಯ ಬಳಿ ಕರೆದುಕೊಂಡು ಹೋಗಿ ಗೌನಿನ ಅಳತೆ ನೋಡಿಸಬೇಕು ಎಂದು ಅವರು ಬಂದ ಕೂಡಲೇ ಗಡಿಯಾರ ನೋಡತೊಡಗಿದರು.

ಐರಿನ್ ತಲೆವಸ್ತ್ರ ಬಿಚ್ಚಿದಾಗ ನನಗೆ ಇಷ್ಟವಾಗಲಿಲ್ಲ. ಜೇನಿನ ಬಣ್ಣ ಕಂದಿ, ಹೊಗೆ ಹಿಡಿದ ಹಾಗೆ ಮಂಕಾಗಿತ್ತು. ಬೆರಳಲ್ಲಿ ಹಿಡಿದರೆ ಒರಟು.

"ಏನ್ ಹಚ್ಚಿದ್ದೆ?" ಎಂದೆ.

ಐರಿನ್ ಬಾಯಿ ತೆರೆದಳು. ಲಕ್ಕಮ್ಮ ಅವಳ ತೋಳನ್ನು ಒತ್ತಿದಳು. ಕನ್ನಡಿಯಲ್ಲಿ ನನಗೆ ಅದು ಕಂಡಿತು.

"ಎಣ್ಣೆ ಕಣಮ್ಮ. ಒಣಗಿತ್ತು ಅಂತ ಎಣ್ಣೆ ಅಚ್ದೆ. ಸೀಗೆಕಾಯಿ ಆಕಿ ಮೂರ್ ಸಲ ತೊಳ್ದಿವ್ನಿ," ಎಂದಳು ಲಕ್ಕಮ್ಮ.

ಹೆಗಲಿಗೆ ಹೊದಿಸಿದ್ದ ಬಿಳಿಯ ಟವೆಲ್ಲಿನ ಮೇಲೆ ಬೆಳಗ್ಗೆ ತೊಳೆದು ಇನ್ನೂ ಆರದ ಕೂದಲು ತಾಗಿದ ಕಡೆ ಬೂದು ಬಣ್ಣದ ಗೆರೆ ಮೂಡಿತ್ತು. ಅದೂ ಕಂಡಿತು. ಬಾವಿಯ ಗಡಸು ನೀರು, ಸೀಗೆಕಾಯಿಯ ಮಡ್ಡಿ ಎಂದುಕೊಂಡೆ. ಎಂದುಕೊಂಡೆ ಅನ್ನುವುದೂ ಸುಳ್ಳು. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ತಟ್ಟೆ ಕಪಾಟಿನಲ್ಲಿತ್ತು. ಅರ್ಧ ಗಂಟೆಯ ಕೆಲಸ. ಮಿಸೆಸ್ ಹಿಗಿನ್ಸ್ "ಸತ್ಯಾ, ಟೈಮ್!" ಎಂದರು. ನಾಲ್ಕು ತಿಂಗಳು ಅದೇ ತಲೆ, ಐದು ಸಲ ನೋಡಿದ್ದೇನೆ, ಆರನೆಯ ಸಲ ಏನಿರುತ್ತದೆ ಎಂದು ನಾನು ತಟ್ಟೆ ತೆಗೆಯಲಿಲ್ಲ.

ಮೊದಲು ಆ ಮಂಕು ತೆಗೆಯಬೇಕು, ಆಮೇಲೆ ಬುಡ, ಕೊನೆಗೆ ಟೋನರ್ ಎಂದು ಲೆಕ್ಕ ಹಾಕಿದೆ. ಪೆರಾಕ್ಸೈಡಿಗೆ ಸ್ವಲ್ಪ ಪುಡಿ, ಶಾಂಪೂ ಬೆರೆಸಿ ತೆಳ್ಳಗೆ ಮಾಡಿ, ಎಂದಿನಂತೆ ಹಿಂದಲೆಯಿಂದ ಹಚ್ಚುತ್ತ ಬಂದೆ. ಹಿಂಭಾಗ ಮುಗಿದಿತ್ತು, ಕಿವಿಯ ಪಕ್ಕಕ್ಕೆ ಬಂದಿದ್ದೆ. ಆಗ ಐರಿನ್, "ಆಂಟಿ, ಬಿಸಿ," ಎಂದಳು.

ಕೈಯಿಟ್ಟು ನೋಡಿದೆ. ಇಳಿಸಿದ ಅನ್ನದ ಪಾತ್ರೆಯ ಹಾಗೆ ಕಾದಿತ್ತು. ಕೂದಲಿನಿಂದ ತೆಳ್ಳಗೆ ಹಬೆ ಏಳುತ್ತಿತ್ತು. ಅವಳನ್ನು ಎಳೆದುಕೊಂಡೇ ಹಿತ್ತಲಿಗೆ ಓಡಿ ತೊಟ್ಟಿಯ ಮುಂದೆ ಬಗ್ಗಿಸಿ ತಣ್ಣೀರು ಸುರಿದೆ, ಚೊಂಬಿನ ಮೇಲೆ ಚೊಂಬು. ನೀರಿನ ಜೊತೆ ಕೂದಲೂ ಬಂತು. ಕುದಿಸಿದ ಶಾವಿಗೆಯ ಹಾಗೆ ಎಳೆದರೆ ಹಿಗ್ಗುತ್ತಿತ್ತು, ಹಿಗ್ಗಿ ತುಂಡಾಗುತ್ತಿತ್ತು. ಬಚ್ಚಲ ಕಿಂಡಿ ಕಟ್ಟಿಕೊಂಡಿತು. ಮುಂದಿನ ಕೂದಲು ಉಳಿಯಿತು, ಅಲ್ಲಿಗಿನ್ನೂ ನಾನು ಹಚ್ಚಿರಲಿಲ್ಲ. ಹಿಂದಲೆಯಲ್ಲಿ ಉಳಿದದ್ದು ಎರಡು ಬೆರಳು ಉದ್ದದ ಕೂಳೆ, ಅಲ್ಲಲ್ಲಿ ಅದೂ ಇಲ್ಲ. ಕತ್ತಿನ ಮೇಲೆ ಚರ್ಮ ಕೆಂಪಾಗಿ ಉಬ್ಬಿತ್ತು.

ಐರಿನ್ ಕೈಯಿಂದ ಹಿಂದಲೆ ಮುಟ್ಟಿಕೊಂಡಳು. ಮೊದಲು ಅಳಲಿಲ್ಲ. ಆಮೇಲೆ ತೊಟ್ಟಿಯ ಅಂಚು ಹಿಡಿದು ಬಗ್ಗಿ ಅತ್ತಳು.

"ಏನ್ ಹಚ್ಚಿದ್ರಿ? ನಿಜ ಬೊಗಳ್ರಿ!" ಎಂದು ನಾನು ಲಕ್ಕಮ್ಮನ ಮೇಲೆ ಹಾರಿಬಿದ್ದೆ.

ಅವಳು ನೆಲದ ಮೇಲೆ ಕುಸಿದು ಕೂತು ಹೇಳಿದಳು. ಕ್ರಿಸ್‌ಮಸ್ ಆದಮೇಲೆ ಅವಳ ಅಣ್ಣ ಮುನಿಆಂಜಿನಪ್ಪ ಹುಣಸಮಾರನಹಳ್ಳಿಯಿಂದ ಬಂದಿದ್ದನಂತೆ. ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ. ಹಾಸಿಗೆ ಹಿಡಿದ ತಾಯಿ ಸಾಯುವ ಮುಂಚೆ ಮೊಮ್ಮಗಳ ಮಡಿಲು ತುಂಬಬೇಕು, ಭಾನುವಾರ ಕರೆದುಕೊಂಡು ಬಾ ಎಂದಿದ್ದಾಳೆ ಎಂದನಂತೆ. ಲಕ್ಕಮ್ಮನಿಗೆ ಆಕಾಶವೇ ಕೈಗೆ ಸಿಕ್ಕಿತು. ಆದರೆ ಜೇನು ಬಣ್ಣದ ತಲೆ ಹೊತ್ತ ಮಗಳನ್ನು ಆ ಊರೊಳಗೆ ಹೇಗೆ ನಡೆಸುವುದು?

"ಒಂದಿನುಕ್ಕೆ ಅಂತ ಮಾಡ್ದೆ ಕಣವ್ವ. ಕಬ್ಬುಣದ್ ಬಾಂಡ್ಲೀಲಿ ನೆಲ್ಲಿಚೆಟ್ಟು, ಅಳಲೆಕಾಯಿ ಎರಡ್ ದಿನ ನೆನೆಆಕಿ ಅಚ್ದೆ. ನಮ್ಮವ್ವ ನಂಗೂ ಅದ್ನೇ ಅಚ್ತಿದ್ಲು. ತಂಪು ಅದು. ಕಪ್ಪಗ್ ಬಂತು. ನಮ್ಮವ್ವ ಅದರ ತಲೆ ಸವರಿ, ಥೇಟ್ ನಮ್ ಲಕ್ಕಿ ಕಣೇ ಅಂದ್ಲು. ತೊಳುದ್ರೆ ಓಯ್ತದೆ ಅಂತಿದ್ದೆ. ನೀವ್ ಬೈತೀರ ಅಂತ ಏಳ್ಲಿಲ್ಲ."

ಕಪ್ಪು ಹೋಗಿತ್ತು, ಕಬ್ಬಿಣ ಹೋಗಿರಲಿಲ್ಲ. ಮೂರು ಸಲ ಬಣ್ಣ ಇಳಿಸಿಕೊಂಡ ಕೂದಲು ಹಳೆಯ ಬಟ್ಟೆಯ ಹಾಗೆ, ಏನು ಸುರಿದರೂ ಒಳಗೆ ಎಳೆದುಕೊಳ್ಳುತ್ತದೆ. ಬಾಣಲೆಯ ಕಬ್ಬಿಣವೆಲ್ಲ ಎಳೆಎಳೆಯೊಳಗೆ ಕೂತಿತ್ತು.

"ನಾನ್ ಹೇಳ್ತಿದ್ದೆ," ಎಂದಳು ಐರಿನ್. "ಬಾಯಿ ಬಿಟ್ಟಿದ್ದೆ. ನೀನೇ ತೋಳು ಹಿಡ್ಕೊಂಡೆ."

ಲಕ್ಕಮ್ಮ ಮಗಳ ಕಾಲು ಮುಟ್ಟಲು ಕೈ ಚಾಚಿದಳು. ಐರಿನ್ ಕಾಲು ಹಿಂದಕ್ಕೆ ಎಳೆದುಕೊಂಡಳು.

ಮಿಸೆಸ್ ಹಿಗಿನ್ಸ್ ಅಷ್ಟು ಹೊತ್ತು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಕೂಗಾಡುತ್ತಾರೆ ಎಂದುಕೊಂಡೆ, ಕೂಗಾಡಲಿಲ್ಲ. ಹತ್ತಿರ ಬಂದು ಐರಿನಳ ಗಲ್ಲ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಮುಂದೆ ಪರವಾಗಿಲ್ಲ. ಹಿಂದೆ ವೇಲ್ ಇರುತ್ತೆ. ಫೋಟೋ ಮುಂದಿನಿಂದ ತಾನೇ?" ಎಂದು ನನ್ನನ್ನು ಕೇಳಿದರು. ಆಮೇಲೆ ಐರಿನಳಿಗೆ ಇಂಗ್ಲಿಷಿನಲ್ಲಿ ಹೇಳಿದ್ದು ನನಗೂ ತಿಳಿಯಿತು. ಮದುವೆ ನಿಲ್ಲಿಸಬೇಕಾಗಿಲ್ಲ. ಆದರೆ ನಮ್ಮ ಒಪ್ಪಂದವನ್ನು ನಾನು ಮುರಿಯಲಿಲ್ಲ, ನಿನ್ನ ತಾಯಿ ಮುರಿದಳು. ಅವಳು ನಿನ್ನ ಪಕ್ಕ ನಿಲ್ಲಬೇಕೋ ಬೇಡವೋ, ಯೋಚನೆ ಮಾಡಿ ನಾಳೆ ಹೇಳು.

ಅವರೆಲ್ಲ ಹೋದಮೇಲೆ ಬಾಗಿಲು ಹಾಕಿಕೊಂಡೆ. ಬಚ್ಚಲಿನಿಂದ ಬಾಚಿ ತೆಗೆದ ಕೂದಲನ್ನು ಬಿಟ್ಟು, ಮುಂಭಾಗದಿಂದ ಕುರ್ಚಿಯ ಮೇಲೆ ಉದುರಿದ್ದ ನಾಲ್ಕು ಎಳೆ ಆರಿಸಿ ತಟ್ಟೆಯಲ್ಲಿ ಹಾಕಿ ಪೆರಾಕ್ಸೈಡ್ ಸುರಿದೆ. ಅರ್ಧ ಗಂಟೆ ಬೇಕಾಗಲಿಲ್ಲ. ಮೂರು ನಿಮಿಷಕ್ಕೆ ಗುಳ್ಳೆ ಎದ್ದು ತಟ್ಟೆಯ ತಳ ಬೆಚ್ಚಗಾಯಿತು. ಮೂರೇ ನಿಮಿಷ. ನಾನು ಆ ನೀರನ್ನು ಚೆಲ್ಲಿ, ತಟ್ಟೆ ತೊಳೆದು ಒಳಗಿಟ್ಟೆ.

ಮರುದಿನ ಮಧ್ಯಾಹ್ನ ಐರಿನ್ ಒಬ್ಬಳೇ ಬಂದಳು. ತಲೆವಸ್ತ್ರ ಬಿಗಿಯಾಗಿ ಕಟ್ಟಿದ್ದಳು, ಕಣ್ಣು ಊದಿದ್ದವು. ಕುರ್ಚಿಯಲ್ಲಿ ಕೂರಲಿಲ್ಲ, ನಿಂತೇ ಇದ್ದಳು.

"ಆಂಟಿ, ಒಂದ್ ಮಾತು ನಿಜ ಹೇಳಿ. ಅಮ್ಮ ಹಚ್ಚಿದ್ದಕ್ಕೇನಾ ಹಿಂಗಾಗಿದ್ದು? ಬೇರೆ ಏನೂ ಇಲ್ವಾ?"

ಆ ಹುಡುಗಿ ದಾರಿ ಹುಡುಕುತ್ತಿದ್ದಳು. ಅಮ್ಮನನ್ನು ಕ್ಷಮಿಸಲು ಒಂದು ನೆಪ ಸಿಕ್ಕಿದರೆ ಸಾಕು ಎನ್ನುವಂತೆ ನನ್ನ ಮುಖ ನೋಡುತ್ತಿದ್ದಳು. ನಾನು ಹೇಳಬೇಕಾಗಿದ್ದದ್ದು ಇಷ್ಟೇ: ನಿಮ್ಮಮ್ಮನಿಗೆ ಗೊತ್ತಿರಲಿಲ್ಲ ಮಗಳೇ, ನನಗೆ ಗೊತ್ತಿತ್ತು. ಅವಳು ನಿನ್ನ ತೋಳು ಒತ್ತಿದ್ದನ್ನೂ ಟವೆಲ್ಲಿನ ಮೇಲಿನ ಗೆರೆಯನ್ನೂ ಕಂಡೂ ನಾನು ತಟ್ಟೆ ತೆಗೆಯಲಿಲ್ಲ. ಮಾತು ಗಂಟಲಿಗೆ ಬಂತು. ಅದರ ಹಿಂದೆಯೇ ಮಿಸೆಸ್ ಹಿಗಿನ್ಸರ ಮುಖ ಬಂತು. ಕಂಟೋನ್ಮೆಂಟಿನ ನನ್ನ ಗಿರಾಕಿಗಳೆಲ್ಲ ಅವರ ಮಾತಿನ ಮೇಲೆ ಬರುವವರು. ಮದುವಣಗಿತ್ತಿಯ ತಲೆ ಸುಟ್ಟವಳು ಎಂಬ ಹೆಸರು ಬಂದರೆ ಈ ಕುರ್ಚಿಯಲ್ಲಿ ಇನ್ನೊಬ್ಬರು ಕೂರುವುದಿಲ್ಲ. ಬೀದಿಯವರೆಲ್ಲ ಆಗಲೇ ಬಾಯಿ ತೆರೆದು ಕಾಯುತ್ತಿದ್ದಾರೆ.

"ಹೌದು. ಅದಕ್ಕೇ ಆಗಿದ್ದು," ಎಂದೆ.

ಹೇಳಿದ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಜೀವನದಲ್ಲಿ ನಾನು ಆಡಿದ ಅತಿ ಹೊಲಸು ಮಾತು ಅದೇ.

ಐರಿನ್ ತಲೆವಸ್ತ್ರದ ಗಂಟು ಬಿಗಿಮಾಡಿಕೊಂಡು, "ಸರಿ ಆಂಟಿ. ಅಮ್ಮ ಚರ್ಚಿಗೆ ಬರೋದ್ ಬೇಡ ಅಂತ ಅವ್ರಿಗೆ ಹೇಳ್ಬಿಡ್ತೀನಿ. ಅವಳಿಗೆ ಒಂದಿನ ಅವ್ರೂರು ಬೇಕಾಗಿತ್ತು, ಸಿಕ್ತು," ಎಂದಳು. ತಡೆಯಲು ಅವಕಾಶವಿತ್ತು. ಅವಳು ಗೇಟು ದಾಟುವವರೆಗೂ ಅವಕಾಶವಿತ್ತು. ಗೂಡ್ಸ್ ರೈಲು ಬಂದು ಗೇಟು ಹಾಕಿದ್ದರು. ಅವಳು ಹತ್ತು ನಿಮಿಷ ಅಲ್ಲೇ ನಿಂತಿದ್ದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ, ಹೊರಗೆ ಹೋಗಲಿಲ್ಲ.

ಅವಳ ತಲೆಗೆ ಮತ್ತೆ ಪೆರಾಕ್ಸೈಡ್ ಮುಟ್ಟಿಸುವ ಹಾಗಿರಲಿಲ್ಲ, ಟೋನರಿಗೂ ಅದೇ ಬೇಕು. ಹಿಂದಲೆಯ ಕೂಳೆಯನ್ನು ಕತ್ತರಿಯಲ್ಲಿ ಸಮ ಮಾಡಿದೆ. ಹನ್ನೆರಡನೆಯ ತಾರೀಕು ಬೆಳಗ್ಗೆ, ತೊಳೆದರೆ ಹೋಗುವ ಬಣ್ಣದ ನೀರನ್ನು ಮುಂಗೂದಲಿಗೆ ಸುರಿದು ಮಂಕು ಮರೆಸಿದೆ. ಬುಡದ ಕಪ್ಪು ಕಾಣದ ಹಾಗೆ ದೊಡ್ಡ ಸುರುಳಿ ಹಾಕಿ ಹಣೆಯ ಮೇಲೆ ತಿರುಗಿಸಿ, ಹಿಂದೆ ಪಿನ್ನು ಚುಚ್ಚಲು ಕೂದಲಿಲ್ಲದ ಕಾರಣ ವೇಲನ್ನು ಒಂದು ಬಟ್ಟೆಯ ಪಟ್ಟಿಗೆ ಹೊಲಿದು ಕೂರಿಸಿದೆ. ಚೆನ್ನಾಗಿಯೇ ಕಾಣುತ್ತಿದ್ದಳು. ಮಿಸೆಸ್ ಹಿಗಿನ್ಸ್ ನನ್ನ ಬೆನ್ನು ತಟ್ಟಿದರು. ಫೋಟೋದವನು ಚರ್ಚಿನ ಮೆಟ್ಟಿಲ ಮೇಲೆ ಎಲ್ಲರನ್ನೂ ನಿಲ್ಲಿಸಿದಾಗ ಐರಿನಳ ಎಡಕ್ಕೆ ಡೆಸ್ಮಂಡನ ಚಿಕ್ಕಮ್ಮ ನಿಂತರು.

ಅವರ ಅರ್ಜಿ ಒಪ್ಪಿಗೆಯಾಗಿ, ವರ್ಷ ತಿರುಗುವುದರೊಳಗೆ ಗಂಡಹೆಂಡತಿ ಹಡಗು ಹತ್ತಿದರು. ಹೋಗುವ ಮುಂಚೆ ಐರಿನ್ ತಾಯಿಯ ಮನೆಗೆ ಬಂದು ಬಾಗಿಲಲ್ಲೇ ನಿಂತು ಐದು ನಿಮಿಷ ಮಾತಾಡಿ ಹೋದಳಂತೆ. ತಲೆಯ ಮೇಲೆ ಸ್ಕಾರ್ಫ್ ಇತ್ತಂತೆ, ತೆಗೆಯಲಿಲ್ಲವಂತೆ.

ಅರವತ್ತನಾಲ್ಕರ ಬೇಸಿಗೆಯಲ್ಲಿ ಒಂದು ದಿನ ಲಕ್ಕಮ್ಮ ನನ್ನ ಬಳಿಗೆ ಬಂದಳು. ಕೈಯಲ್ಲಿ ವಿದೇಶಕ್ಕೆ ಹೋಗುವ ನೀಲಿ ಕಾಗದ. ಅವಳಿಗೆ ಓದು ಬರಹ ಬಾರದು, ಮಗಳಿಗೆ ಕನ್ನಡ ಓದಲು ಬಾರದು. ದೊರೆಸಾನಿಯ ಹತ್ತಿರ ನಾಲ್ಕಕ್ಷರ ಇಂಗ್ಲಿಷ್ ಕಲಿತವಳು ಆ ಬೀದಿಯಲ್ಲಿ ನಾನೊಬ್ಬಳೇ. ಅವಳಿಗೆ ಕುರ್ಚಿ ತೋರಿಸಿದೆ. ಬೇಡ ಎಂದು ನೆಲದ ಮೇಲೇ ಕೂತಳು. ಆ ಜನವರಿಯಿಂದ ಅವಳು ತಲೆಗೆ ಏನನ್ನೂ ಹಚ್ಚುತ್ತಿರಲಿಲ್ಲ. ಬೈತಲೆಯ ಎರಡೂ ಪಕ್ಕ ಬೆಳ್ಳಗಾಗಿತ್ತು.

"ಬರೀರಿ ಸತ್ಯಮ್ಮ," ಎಂದಳು. "ಅವತ್ತಾಗಿದ್ದು ನನ್ ಕೈಯಿಂದ್ಲೇ ಆಗಿದ್ದು ಅಂತ ಬರೀರಿ. ಬ್ಯಾರೆ ಯಾರ್ದೂ ತಪ್ಪಿಲ್ಲ. ಸತ್ಯಮ್ಮ ಇಲ್ದಿದ್ರೆ ಇದ್ದಷ್ಟೂ ಉಳೀತಿರ್ಲಿಲ್ಲ ಅಂತ ಬರೀರಿ. ನನ್ ಬೈಕೊಂಡಾದ್ರೂ ಒಂದ್ ಕಾಗದ ಆಕು ಮಗ ಅಂತ ಬರೀರಿ."

ಪೆನ್ನು ಹಿಡಿದು ಕೂತೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಬರೆಯುವ ಕೈ ನನ್ನದು, ಅವಳಿಗೆ ಓದಲು ಬಾರದು. ಏನು ಬೇಕಾದರೂ ಬರೆಯಬಹುದಿತ್ತು. ನಿಜವನ್ನು ಬರೆದು, ನೀನು ಹೇಳಿದ್ದೇ ಬರೆದೆ ಎಂದಿದ್ದರೂ ನಂಬುತ್ತಿದ್ದಳು.

ಅವಳು ಹೇಳಿದ್ದನ್ನೇ ಬರೆದೆ, ಒಂದು ಮಾತೂ ಬಿಡದೆ. ಬೇರೆ ಯಾರದೂ ತಪ್ಪಿಲ್ಲ ಎಂಬುದನ್ನೂ ಬರೆದೆ. ಅವಳು ಎರಡು ಕೈಯಿಂದ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡು, ಕಾಗದ ತೆಗೆದುಕೊಂಡು ಪೋಸ್ಟಾಫೀಸಿಗೆ ಹೊರಟಳು.